ನಾಲ್ಕನೆಯ ಫೋಟೋ

ಕಾಟನ್ ಸೀರೆಗಳನ್ನು ನಾನು ಆರು ತಿಂಗಳಿಗೊಮ್ಮೆ ಬಿಚ್ಚಿ, ಮಡಿಕೆಯ ಗೆರೆ ಬದಲಿಸಿ ಮತ್ತೆ ಇಡುತ್ತೇನೆ. ಒಂದೇ ಗೆರೆಯಲ್ಲಿ ಬಹಳ ದಿನ ಇದ್ದರೆ ಬಟ್ಟೆ ಅಲ್ಲಿಯೇ ಸೀಳುತ್ತದೆ. ಬೂದು ಸೀರೆಯೊಂದನ್ನು ಮಾತ್ರ ಎಷ್ಟೋ ವರ್ಷ ಮುಟ್ಟಿರಲಿಲ್ಲ. ಹೋದ ಭಾನುವಾರ ಅದನ್ನು ಬಿಚ್ಚಿದಾಗ ಹಳೆಯ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಒಂದು ಕಂದು ಲಕೋಟೆ ನೆಲಕ್ಕೆ ಜಾರಿತು. ಉಳಿದ ಸೀರೆಗಳನ್ನು ಮುಗಿಸಿದ ಮೇಲೆಯೇ ಅದನ್ನು ತೆರೆದೆ. ಆದರೆ ಆ ದಿನ ಎರಡು ಸೀರೆಗಳನ್ನು ತಪ್ಪಾಗಿ ಮಡಚಿದ್ದೆ...

ಲಕೋಟೆಯಲ್ಲಿದ್ದದ್ದು ನಾಲ್ಕು ಪುಟದ ಒಂದು ಕಾಗದ, ಮೂವತ್ತಾರು ಪುಟ್ಟ ಫೋಟೋಗಳನ್ನು ನಂಬರ್ ಹಾಕಿ ಅಚ್ಚು ಮಾಡಿದ ಒಂದು ಹಾಳೆ. ಫೋಟೋದಲ್ಲಿರುವವಳು ನಾನು. ಕಾಗದ ಬರೆದವಳು ಉದಗೀರದಲ್ಲಿ ಹುಡುಗಿಯರಿಗೆ ಮಾಡೆಲಿಂಗ್ ಕಲಿಸುತ್ತಿದ್ದಾಕೆ.

ನಾನು ಮಹಾರಾಷ್ಟ್ರದ ಗಡಿಯ ನಿಲಂಗಾದಲ್ಲಿ, ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದೆ. ಬೆಳಗ್ಗೆ ಐದಕ್ಕೆ ಗಂಟೆ, ಐದೂವರೆಗೆ ಹಾಜರಿ. ಹುಡುಗಿಯರು ನನ್ನನ್ನು ಮರಾಠಿ ರೂಢಿಯಂತೆ 'ಬಾಯಿ' ಎಂದು ಕರೆಯುತ್ತಿದ್ದರು. ಆಕೆ ಜಳಕೋಟದಿಂದ ಬಂದು ನಮ್ಮಲ್ಲಿ ಮೂರು ವರ್ಷ ಇದ್ದಳು. ಉದ್ದನೆಯ ಹುಡುಗಿ, ಬೆನ್ನು ಬಗ್ಗಿಸಿ ನಿಲ್ಲುತ್ತಿದ್ದಳು. ಹಾಜರಿ ಹೊತ್ತಿಗೆ ಅದಕ್ಕೆ ದಿನಾಲು ನನ್ನಿಂದ ಬೈಸಿಕೊಳ್ಳುತ್ತಿದ್ದಳು. ಮುಂದೆ ಪುಣೆಗೆ ಹೋಗಿ ಅದೇ ಎತ್ತರದಿಂದ ಮಾಡೆಲ್ ಆಗಿ ಹೆಸರು ಮಾಡಿದಳು. ನಲವತ್ತರ ಹತ್ತಿರ ಉದಗೀರಕ್ಕೆ ಮರಳಿ, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ತರಗತಿ ತೆರೆದಳು.

ನಾನು ನಿವೃತ್ತಳಾಗಿ ಉಮರಗಾಕ್ಕೆ ಬಂದ ಮರುವರ್ಷ ಒಂದು ಮಧ್ಯಾಹ್ನ ಮನೆಗೆ ಬಂದಳು. ಲಾತೂರಿನ ಸೀರೆ ಅಂಗಡಿಯೊಂದರ ಕ್ಯಾಟಲಾಗಿಗೆ ವಯಸ್ಸಾದ ಹೆಣ್ಣುಮಗಳು ಬೇಕಾಗಿತ್ತಂತೆ.

"ಬಾಯಿ, ನಿಮ್ಮ ಮುಖ ಬೇಕ್ರಿ."

"ನನ್ನ ಮುಖ ನೋಡಿದ್ರ ಗಿರಾಕಿ ಓಡಿ ಹೋಗ್ತಾರ."

"ನಾವು ಹುಡುಗ್ಯಾರು ಮೂರು ವರ್ಷ ನೋಡಿಲ್ಲೇನ್ರೀ? ಎಲ್ಲಿ ಓಡಿ ಹೋದ್ವಿ?"

ನಾನು ಕೂಡಲೇ ಒಪ್ಪಿದೆ. ಆಕೆಗೇ ಆಶ್ಚರ್ಯವಾಯಿತು. ಕಾರಣ ಹೇಳಲಿಲ್ಲ, ಈಗ ಹೇಳುತ್ತೇನೆ. ಮೂವತ್ತೊಂದು ವರ್ಷ ನಾನು ಎಲ್ಲರನ್ನೂ ನೋಡಿದವಳು. ನನ್ನನ್ನು ಯಾರೂ ಕೂತು ನೋಡಿರಲಿಲ್ಲ. ಗುರುತಿನ ಚೀಟಿಯ ಹೊರತು ನನ್ನದೊಂದು ಫೋಟೋ ಇರಲಿಲ್ಲ. ಒಮ್ಮೆಯಾದರೂ ಸರಿಯಾಗಿ ಕಾಣಿಸಬೇಕೆಂಬ ಆಸೆ ಇತ್ತು. ಕಾಣಿಸಲು ಯೋಗ್ಯಳಲ್ಲ ಎಂದು ಗೊತ್ತಾದರೆ ಏನು ಮಾಡುವುದೆಂಬ ಭಯ ಅದಕ್ಕಿಂತ ದೊಡ್ಡದಿತ್ತು.

ಮೊದಲು ಪರೀಕ್ಷೆಯ ಫೋಟೋ ತೆಗೆಯುವುದು ಅವರ ಪದ್ಧತಿ. ಬಣ್ಣ ಬಳಿಯುವಂತಿಲ್ಲ. ಕೂದಲು ಹಿಂದಕ್ಕೆ ಕಟ್ಟಬೇಕು. ಬಿಳಿ ಗೋಡೆಯ ಮುಂದೆ, ಕಿಟಕಿಯ ಬೆಳಕಿನಲ್ಲಿ ಎದುರಿನಿಂದ, ಎರಡೂ ಪಕ್ಕದಿಂದ, ಅರ್ಧ ತಿರುಗಿ, ಬೆನ್ನು ಮಾಡಿ, ಪೂರ್ತಿ ನಿಂತು ತೆಗೆಯುತ್ತಾರೆ. ಉದಗೀರದ ಆಕೆಯ ಮಾಳಿಗೆಗೆ ಫೋಟೋ ತೆಗೆಯಲು ಸ್ಟುಡಿಯೋದವರೊಬ್ಬರು ಬಂದಿದ್ದರು. ಆಕೆ ಕಿಟಕಿಯ ಎದುರು ಬದಿ ನಿಂತು, ನನ್ನ ಮುಖದ ನೆರಳಿನ ಭಾಗಕ್ಕೆ ಬೆಳಕು ಬೀಳುವಂತೆ ಬಿಳಿಯ ಥರ್ಮಾಕೋಲ್ ಹಲಗೆ ಹಿಡಿದಿದ್ದಳು. ಒಂದು ತಾಸಿನಲ್ಲಿ ಮುಗಿಯಿತು. ಹೇಗೆ ಬಂತೆಂದು ಕೇಳಿದರೆ, "ಬರದು ಕಳಸ್ತೀನ್ರಿ. ಬಾಯಿಲೆ ಹೇಳಿದ್ರ ಬೈದಿದ್ದಷ್ಟೇ ನೆನಪಿರ್ತದ" ಎಂದಳು.

ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಎಂಟು ದಿನಕ್ಕೆ ಕಾಗದ ಬಂತು. ಆಡುವುದು ಕನ್ನಡವಾದರೂ ಆಕೆ ಓದಿದ್ದು ಮರಾಠಿ ಶಾಲೆಯಲ್ಲಿ. ಹಾಗಾಗಿ ಮನೆಯ ಕನ್ನಡವನ್ನೇ ಮರಾಠಿ ಅಕ್ಷರದಲ್ಲಿ ಬರೆದಿದ್ದಳು. ಗಟ್ಟಿಯಾಗಿ ಓದಿದರೆ ಮಾತ್ರ ಅರ್ಥವಾಗುವ ಕಾಗದ. ಹೋದ ಭಾನುವಾರವೂ ಗಟ್ಟಿಯಾಗಿಯೇ ಓದಿದೆ.

"ಬಾಯಿ, ಮೊದಲ ಖರೇ ಹೇಳ್ತೀನಿ. ಮೂವತ್ತಾರರಾಗ ಕೆಲಸಕ್ಕ ಬರೂದು ಒಂದೇ, ಇಪ್ಪತ್ತೊಂಬತ್ತನೇದು. ಮೊದಲ ಸಲಕ್ಕ ಒಂದು ಸಿಕ್ತಂದ್ರ ಛಲೋನೇ. ಉಳಿದವು ಕೆಟ್ಟಿದ್ದು ನಿಮ್ಮ ಮುಖದಿಂದ ಅಲ್ಲ, ಉಸಿರಿನಿಂದ. ಉಸಿರು ಹಿಡಕೊಂಡು ನಿಂತೀರಿ. ಭುಜ ಕಿವಿತನಕ ಏರ್‍ಯಾವ. ಫೋಟೋ ತೆಗಿಯೂ ಮೊದಲ ತುಟಿ ತುಸು ತೆರದು ಉಸಿರು ಬಿಡ್ರಿ, ಭುಜ ತಾವೇ ಇಳೀತಾವ. ಎರಡೂ ಕಾಲಿನ ಮ್ಯಾಲ ಸಮ ಭಾರ ಹಾಕೀರಿ. ಹಿಂದಿನ ಕಾಲಿಗೆ ಭಾರ ಕೊಟ್ಟು ಮುಂದಿನ ಮೊಣಕಾಲು ಸಡಿಲ ಬಿಡ್ರಿ. ಗದ್ದ ಮ್ಯಾಲ ಎತ್ತಬ್ಯಾಡ್ರಿ. ಮುಖ ಒಂದು ಬೆರಳು ಮುಂದ ತರ್ರಿ, ಗದ್ದ ಅರ್ಧ ಬೆರಳು ಕೆಳಗ. ಲೆನ್ಸಿನ ಕಡೆ ನೋಡುವಾಗ ಯಾರು ಗೈರುಹಾಜರ ಅಂತ ಹುಡುಕಿದಂಗ ಕಾಣ್ತದ. ಅದರ ಹಿಂದ ನಿಮಗ ಬೇಕಾದವರು ಒಬ್ಬರು ನಿಂತಾರ ಅಂತ ತಿಳಕೊಂಡು ನೋಡ್ರಿ."

ನಾನು ಉಟ್ಟುಹೋಗಿದ್ದ ಬೂದು ಸೀರೆಗೆ ಗಂಜಿ ಹೆಚ್ಚಾಗಿ ನೆರಿಗೆ ರಟ್ಟಿನಂತೆ ನಿಂತಿದೆ, ಬಟ್ಟೆ ಹೇಗೆ ಇಳಿಯುತ್ತದೆಂದು ಅಂಗಡಿಯವರಿಗೆ ಕಾಣಬೇಕು, ಮುಂದಿನ ಸಲ ಗಂಜಿ ಬೇಡ ಎಂದು ಬರೆದಿದ್ದಳು. ಎತ್ತರ ಸಾಲದು, ರ್‍ಯಾಂಪಿನ ಕೆಲಸ ಸಿಗದು, ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು ಎಂದೂ ಬರೆದಿದ್ದಳು. ಮುಖದ ಸುಕ್ಕು ಮಾತ್ರ ಅಳಿಸುವುದಿಲ್ಲ, ಅಂಗಡಿಯವರು ಕೇಳಿದ್ದೇ ಅದನ್ನು ಎಂದಿದ್ದಳು.

ಮೂರನೆಯ ಪುಟ ಪೂರ್ತಿ ನನ್ನ ಬಲಗೈ. ನಮ್ಮದು ಮನೆಮನೆಗೆ ಪೂಜೆಗೆ ಹೋಗುವ ಜಂಗಮರ ಮನೆತನ. ಕೊರಳಲ್ಲಿ ಲಿಂಗವಿಡುವ ಪುಟ್ಟ ಡಬ್ಬಿ, ಕರಡಿಗೆ, ಇರುತ್ತದೆ. ಅಳುಕಿದಾಗಲೆಲ್ಲ ಸೆರಗಿನ ಮೇಲಿಂದ ಅದನ್ನು ಮುಚ್ಚಿ ಹಿಡಿಯುವುದು ನನ್ನ ಅಭ್ಯಾಸ. ನನಗೇ ಅದು ಗೊತ್ತಿರಲಿಲ್ಲ.

"ಕೈ ಎಲ್ಲಾದರಾಗೂ ಎದಿ ಮ್ಯಾಲೇ ಅದ, ಸೆರಗಿನ ಅಂಚು ಮುಚ್ಚಿ ಹೋಗ್ಯಾದ. ಕರಡಿಗಿ ತೆಗೀರಿ ಅಂತ ನಾ ಎಂದೂ ಅನ್ನೂದಿಲ್ಲ. ಯಾರರ ಅಂದ್ರ ಆ ಕೆಲಸಾನೇ ಬಿಡ್ರಿ. ದಾರ ನಾಕು ಬೆರಳು ಉದ್ದ ಮಾಡ್ರಿ, ಕೈ ಅಂಚಿನ ಕೆಳಗ ಇಳೀತದ, ಸಾಕು. ಕೈಗೆ ಕೆಲಸ ಬೇಕಂದ್ರ ಸೆರಗಿನ ತುದಿ ಹಗೂರಕ ಹಿಡೀರಿ. ಇಪ್ಪತ್ತೊಂಬತ್ತನೇದು ನೋಡ್ರಿ. ಅದರಾಗೂ ಕೈ ಅಲ್ಲೇ ಅದ, ಖರೇ. ಆದ್ರ ಮುಷ್ಟಿ ಬಿಚ್ಚ್ಯಾದ. ಫೋಟೋದವ್ರು ಕಿಟಕಿ ಪರದೆ ಸರಿಸಿ ಬರೂದ್ರಾಗ ನನಗ 'ಉಂಡಿಯೇನವಾ' ಅಂತ ಕೇಳಿದ್ರಿ, ಆಗ ತೆಗದದ್ದು ಇದು. ಅದೇ ಮುಖ ಬೇಕ್ರಿ."

ಕೊನೆಗೆ ಎರಡು ಸಾಲು. "ನಾಲ್ಕನೇದು ಪೂರಾ ಬಿಡ್ರಿ, ಹಲಗಿ ಹಿಡಿದ ನನ್ನ ಬೆರಳು ಬಂದಾವ. ನಿಮಗ ಯಾವುದು ಸೇರ್ತು ಬರದು ತಿಳಸ್ರಿ, ನಾ ಆರಿಸಿದ್ದೇ ಸರಿ ಅಂತಿಲ್ಲ."

ನಾನು ಮಾಡಿದ ತಪ್ಪು ನನ್ನಂಥವರೇ ಮಾಡುವಂಥದ್ದು. ಆ ಕಾಗದವನ್ನು ವೇಳಾಪಟ್ಟಿ ಮಾಡಿದೆ. ಬೆಳಗ್ಗೆ ಲಿಂಗಪೂಜೆಯಾದ ಮೇಲೆ ಹತ್ತು ನಿಮಿಷ ಉಸಿರು, ಹತ್ತು ನಿಮಿಷ ಗದ್ದ, ಹತ್ತು ನಿಮಿಷ ಮೊಣಕಾಲು. ಎಂಟು ದಿನವಾದ ಮೇಲೆ, ಒಂದು ಗುರುವಾರ, ಕ್ಯಾಟಲಾಗಿನ ಫೋಟೋಗೆಂದು ಮತ್ತೆ ಉದಗೀರಕ್ಕೆ ಹೋದಾಗ ಎಲ್ಲವೂ ಸರಿಯಾಗಿತ್ತು, ಮುಖ ಮಾತ್ರ ಗೋಡೆಯಾಗಿತ್ತು. ಹತ್ತು ಫೋಟೋ ಆದ ಮೇಲೆ ಆಕೆ ಹಲಗೆ ಕೆಳಗಿಟ್ಟಳು.

"ಬಾಯಿ, ಪಾಠ ಒಪ್ಪಿಸಾಕತ್ತೀರಿ."

"ನೀ ಬರದಂಗೇ ಮಾಡೀನಲ್ಲ."

"ಎಂಟು ದಿನ ಕಣ್ಣಮುಂದ ನಾ ಬರದದ್ದು ಇಟ್ಟೀರಿ. ಈಗ ನನ್ನ ನೋಡ್ರಿ."

ನೋಡಿದೆ. ಬೆನ್ನು ನೆಟ್ಟಗಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. ಇಷ್ಟು ಸೊರಗಿದ್ದು ಯಾವಾಗ ಎಂದು ಮನಸ್ಸು ಚುರ್ರೆಂದಿತು. "ಏನಾಗ್ಯಾದವಾ ನಿನಗ?" ಎಂದೆ. ಆಕೆ ಹಲಗೆ ಎತ್ತಿದಳು. ಕ್ಯಾಟಲಾಗಿನಲ್ಲಿ ಅಚ್ಚಾದದ್ದು ಆ ಗಳಿಗೆಯ ಮುಖ. ನೋಡಿದವರೆಲ್ಲ ಎಷ್ಟು ಮಮತೆಯ ಮುಖ ಎಂದರು.

ಯಾವುದು ಸೇರಿತೆಂದು ಬರೆಯಲು ಕೂತಾಗಲೆಲ್ಲ ಇನ್ನೂ ಸರಿಯಾಗಿ ನೋಡಿ ಬರೆಯೋಣ ಎಂದುಕೊಳ್ಳುತ್ತಿದ್ದೆ. ಅರೆಬರೆ ಉತ್ತರ ನನ್ನಿಂದಾಗದು. ಹಾಗೆ ನಾಲ್ಕು ತಿಂಗಳು ಹೋದವು... ಸೋಲಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡಳೆಂದು ಆಕೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಆ ಗುರುವಾರವೇ ಆಕೆಗೆ ತನ್ನ ಕಾಯಿಲೆ ಗೊತ್ತಿತ್ತಂತೆ.

ಆಕೆಯದೊಂದು ಫೋಟೋ ನನ್ನ ಬಳಿ ಇಲ್ಲ ಎಂದೇ ಇಷ್ಟು ವರ್ಷ ಕೊರಗಿದ್ದೆ. ಭಾನುವಾರ ಭೂತಗನ್ನಡಿ ತಂದು ಹಾಳೆಯನ್ನು ಒಂದರಿಂದ ನೋಡುತ್ತ ಬಂದೆ. ನಾಲ್ಕನೆಯದರಲ್ಲಿ ನಾನು ಭುಜ ಏರಿಸಿ, ಮುಷ್ಟಿ ಬಿಗಿದು ನಿಂತಿದ್ದೇನೆ. ಎಡ ಅಂಚಿನಲ್ಲಿ ಬಿಳಿ ಹಲಗೆಯ ತುದಿ. ಅದರ ಮೇಲೆ ಉದ್ದನೆಯ ನಾಲ್ಕು ಬೆರಳು. ನನ್ನ ಕಡೆಗೆ ಬೆಳಕು ತಿರುಗಿಸಿ ಹಿಡಿದ ಬೆರಳು.

ಪೆನ್ನು ತೆಗೆದು ಕಾಗದದ ಕೊನೆಯ ಸಾಲಿನ ಕೆಳಗೆ, ಆಕೆ ಕೇಳಿದ್ದಕ್ಕೆ ಉತ್ತರ ಬರೆದೆ: ನಾಲ್ಕನೇದು. ಬೂದು ಸೀರೆಯನ್ನು ಗಂಜಿ ಹೋಗುವಂತೆ ನೀರಿಗೆ ಹಾಕಿದೆ. ಲಕೋಟೆಯನ್ನು ಮತ್ತೆ ಸೀರೆಯೊಳಗೆ ಇಟ್ಟಿಲ್ಲ.