ಹದಕ್ಕೆ ಕಾದ ಗೋಪಾಲಪ್ಪ

ಸಿಂಗಸಂದ್ರ ದಾಟಿ ಹೊಸೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಆ ಊರಿನಲ್ಲಿ ಗೋಪಾಲಪ್ಪನನ್ನು ಯಾರೂ ಬರೀ ಗೋಪಾಲಪ್ಪ ಎನ್ನುತ್ತಿರಲಿಲ್ಲ. ‘ಮೊದಲ ನೇಗಿಲ ಗೋಪಾಲಪ್ಪ’ ಎನ್ನುತ್ತಿದ್ದರು. ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಊರು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಇವನ ಎತ್ತುಗಳು ಎರಡು ಸುತ್ತು ಉತ್ತಿರುತ್ತಿದ್ದವು. ಕೆಂಪು ಮಣ್ಣಿಗೆ ಅದೇ ಸರಿ ಬಿಡಿ. ಕುಡಿದ ನೀರನ್ನು ಹೊತ್ತು ಮುಳುಗುವುದರೊಳಗೆ ಮರೆತುಬಿಡುವ ಮಣ್ಣು ಅದು. ತಡಮಾಡಿದವನ ರಾಗಿ ಹುಟ್ಟುವುದಿಲ್ಲ, ಓಡಿದವನ ಕಣ ತುಂಬುತ್ತದೆ. ಹಾಗೆ ಓಡಿ ಓಡಿಯೇ ಐವತ್ತು ದಾಟಿದ್ದ ಮನುಷ್ಯನಿಗೆ ಇನ್ನು ಮೇಲೆ ಕಾಯಬೇಕು ಅಂದರೆ ಹೇಗಿದ್ದೀತು ಹೇಳಿ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ದಿಬ್ಬದ ಮೇಲಿನ ಕೆಂಪು ಹೊಲವೆಲ್ಲ ಕಾರ್ಖಾನೆಗಳ ಬಡಾವಣೆಗೆ ಹೋಯಿತು. ಉಳಿದದ್ದು ಕೆರೆಯ ಕೆಳಗಿನ ಒಂದೇ ಒಂದು ಕಪ್ಪು ಎರೆ ಮಣ್ಣಿನ ಗದ್ದೆ. ಮೂರು ತಲೆಮಾರು ಅಲ್ಲಿ ಭತ್ತ ಬೆಳೆದಿದ್ದರು. ನೀರು ನಿಲ್ಲಿಸಿ, ಕೆಸರಿನಲ್ಲೇ ಉತ್ತು, ಕೆಸರಿನಲ್ಲೇ ನಾಟಿ ಹಾಕಿ ಅದರ ಗುಣವೇ ಯಾರಿಗೂ ಗೊತ್ತಾಗಿರಲಿಲ್ಲ. ಈಗ ಬಡಾವಣೆಗೆಂದು ಎಳೆದ ಹೊಸ ರಸ್ತೆ ಕೆರೆಯ ಕಾಲುವೆಯನ್ನು ನಡುವೆ ಕತ್ತರಿಸಿತು. ಗದ್ದೆಗೆ ನೀರು ನಿಂತುಹೋಯಿತು. ಬೇಸಗೆಯಲ್ಲಿ ಬಿರುಕು ಬಿಟ್ಟಿತು ನೋಡಿ, ಕರು ಕಾಲು ಸಿಕ್ಕಿಸಿಕೊಂಡು ಅಂಬಾ ಎನ್ನುವಷ್ಟು!

ತಮ್ಮ ವೆಂಕಟೇಶಪ್ಪ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಕೆಟ್ಟವನಲ್ಲ, ಹೆದರುಪುಕ್ಕಲ. ಬಿರುಕು ಬಿಟ್ಟ ನೆಲ ನೋಡಿ ಅವನ ಎದೆಯೂ ಬಿರಿಯಿತು. ಗೋಡೌನು ಕಟ್ಟಲು ಜಾಗ ಹುಡುಕುತ್ತಿದ್ದ ವೆಂಕಟರಮಣಪ್ಪ ಎಂಬುವರಿಗೆ ಕೊಟ್ಟು ಕೈ ತೊಳೆದುಕೊಳ್ಳೋಣ ಅಂದ. ಗೋಪಾಲಪ್ಪ ಅಂಗಲಾಚಿದ. ಕೊನೆಗೆ ಜಗಲಿಯ ಮೇಲೆ ಹಿರಿಯರ ಮುಂದೆ ಮಾತಾಯಿತು. ಸಂಕ್ರಾಂತಿಯೊಳಗೆ ಆ ನೆಲ ಒಂದು ಬೆಳೆ ತೋರಿಸಿದರೆ ಉಳಿಯುತ್ತದೆ, ಇಲ್ಲವಾದರೆ ಗೋಡೌನಿಗೆ ಹೋಗುತ್ತದೆ. ಮಣ್ಣಿಲ್ಲದ ಗೋಪಾಲಪ್ಪ ಎಂದರೆ ಯಾರು? ಅವನಿಗೇ ಗೊತ್ತಿರಲಿಲ್ಲ.

ಮುಂಗಾರಿನ ಮೊದಲ ದೊಡ್ಡ ಮಳೆ ಬಿತ್ತು. ಅವನು ಮಾಡಿದ್ದೇನು? ಮಾಡುವುದೇನಿದೆ, ಬೆಳಗಾಗುತ್ತಲೇ ಎತ್ತು ಕಟ್ಟಿದ. ಹೆಂಡತಿ ನಾಗಲಕ್ಷ್ಮಮ್ಮ ಹಿರಿಯೂರಿನ ಕಡೆಯವಳು, ಎರೆ ಹೊಲದಲ್ಲೇ ಹುಟ್ಟಿ ಬೆಳೆದವಳು. ಅಂಟು ಆರುವ ತನಕ ಎರೆಗೆ ಕಾಲಿಡಬಾರದು ಎಂದು ಬಾಗಿಲಲ್ಲಿ ನಿಂತು ಒಂದು ಸಲ ಹೇಳಿದಳು. ಮಳೆ ಬಂದರೆ ನಮ್ಮೂರಲ್ಲಿ ನೇಗಿಲು ಕಾಯುವುದಿಲ್ಲ ಎಂದು ನಕ್ಕು ಹೋದ. ನೇಗಿಲಿಗೆ ಮಣ್ಣು ಮೆತ್ತಿಕೊಂಡಿತು, ಎತ್ತಿನ ಗೊರಸು ಹಾರೆಯಷ್ಟು ಭಾರವಾಯಿತು. ಮಗುಚಿಬಿದ್ದ ಮಣ್ಣು ಎಮ್ಮೆಯ ಚರ್ಮದ ಹಾಗೆ ಮಿರಮಿರ ಮಿಂಚಿತು. ಬಿಸಿಲು ಬಿದ್ದದ್ದೇ ತಡ, ಒಂದೊಂದು ಹೆಂಟೆಯೂ ಇಟ್ಟಿಗೆಯಾಗಿ ಕೂತಿತು. ಅದರ ಮೇಲೆ ಚೆಲ್ಲಿದ ರಾಗಿ ಹಕ್ಕಿಗಳ ಪಾಲಾಯಿತು.

ಇನ್ನೇನು ಮಾಡುತ್ತಾನೆ, ಕೊಡತಿ ಹಿಡಿದು ಹೆಂಟೆ ಒಡೆಯಲು ನಿಂತ. ಕೈಯಲ್ಲಿ ಬೊಬ್ಬೆ ಎದ್ದವು, ಹೆಂಟೆ ನಗುತ್ತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಬಂದರೆ ನಾಗಲಕ್ಷ್ಮಮ್ಮ ತಟ್ಟೆಯ ಪಕ್ಕದಲ್ಲಿ ನೀರಿನ ಬಟ್ಟಲಿಟ್ಟು, ಅದರೊಳಗೆ ಒಣಗಿದ ಹೆಂಟೆಯ ಚೂರೊಂದನ್ನು ಹಾಕಿದಳು. ಅವನು ಮುದ್ದೆ ಮುರಿಯುವಷ್ಟರಲ್ಲಿ ಅದು ಗುಳುಗುಳು ಎಂದು ತಾನೇ ಉದುರಿ ರವೆಯಾಗಿ ತಳಕ್ಕೆ ಕೂತಿತು.

“ಒಣಗಿದ್ದು ನೆನೆದ್ರೆ ತಾನೇ ಒಡೀತದೆ. ನೀವು ಬಡೀಬ್ಯಾಡಿ. ಮಳೆ ಬಿಸಿಲು ಬಡೀಲಿ” ಅಂದಳು.

ಬೀಗುವ ಬಾಯಿ ಆವತ್ತು ಮುದ್ದೆ ನುಂಗಿತು, ಕೊಡತಿ ಮೂಲೆ ಸೇರಿತು. ಅಲ್ಲಿಂದ ಮುಂದೆ ಅವಳು ಹೇಳಿದಂತೆ ನಡೆಯಿತು. ಆಷಾಢ, ಶ್ರಾವಣದ ತುಂತುರಿಗೆ ಹೆಂಟೆಗಳು ನೆನೆದು ಒಣಗಿ, ಮತ್ತೆ ನೆನೆದು ಒಣಗಿ ಪುಡಿಯಾದವು. ಪ್ರತಿ ಮಳೆಯ ನಂತರ ಅಂಟು ಆರಿದ ಮೇಲೆ ಮೇಲ್ಮೇಲೆ ಮಣ್ಣು ಕೆರೆಯುವ ಕುಂಟೆ ಹೊಡೆದರು. ಕಳೆ ಸತ್ತಿತು, ಬಿರುಕಿನ ಬಾಯಿಗೆ ಪುಡಿ ಮಣ್ಣು ಬಿದ್ದು ಒಳಗಿನ ತೇವ ಒಳಗೇ ಉಳಿಯಿತು. ಬಿತ್ತನೆ ಮಾತ್ರ ಹಿಂಗಾರಿಗೆ, ಕಡಲೆ. ಊರಿನವರು ಬೆಳೆಯಿಲ್ಲದ ಹೊಲಕ್ಕೆ ಕುಂಟೆ ಹೊಡೆಯುವವನನ್ನು ನೋಡಿ, ಗೋಪಾಲಪ್ಪ ಬೋಳು ತಲೆಗೆ ಬಾಚಣಿಗೆ ಹಾಕ್ತಾನೆ ಎಂದು ಆಡಿಕೊಂಡರು.

ಹಸ್ತಾ ಮಳೆ ಚೆನ್ನಾಗಿ ಹೊಡೆಯಿತು. ಎರೆ ಉಬ್ಬಿಕೊಂಡಿತು, ಬಿರುಕೆಲ್ಲ ಮುಚ್ಚಿ ಹೊಲ ಹಪ್ಪಳದ ಹಿಟ್ಟಿನಂತಾಯಿತು. ಈಗ ಶುರುವಾಯಿತು ನೋಡಿ ನಿಜವಾದ ಸಂಕಟ. ಬೇಗ ಹೋದರೆ ಹೆಂಟೆ, ತಡವಾದರೆ ಕಲ್ಲು. ಮೇಲ್ಮೈ ಒಣಗಿ ಬಿತ್ತುವ ಕೂರಿಗೆಯ ಹಲ್ಲೇ ಇಳಿಯದು, ಬೀಜ ಒಣಮಣ್ಣಿನಲ್ಲಿ ಬಿದ್ದು ಕೊರಗುತ್ತದೆ. ನಡುವೆ ಇರುವುದು ಒಂದು ಸಣ್ಣ ಸಂದು. ಅದು ಯಾವ ದಿನ ಬರುತ್ತದೆಂದು ಪಂಚಾಂಗ ಹೇಳುವುದಿಲ್ಲ. ದಿನಾ ಬೆಳಿಗ್ಗೆ ಗಂಡ ಹೆಂಡತಿ ಬರಿಗಾಲಲ್ಲಿ ಹೊಲಕ್ಕಿಳಿಯುವರು. ನಾಗಲಕ್ಷ್ಮಮ್ಮ ಬೆರಳುದ್ದ ಆಳದ ಮಣ್ಣು ತೆಗೆದು ಉಂಡೆ ಕಟ್ಟುವಳು. ಉಂಡೆ ಅಂಗೈಗೆ ಅಂಟಿಕೊಂಡು ಎಳೆದರೆ ದಾರವಾಗುತ್ತಿತ್ತು. ಅವಳು ಇನ್ನೂ ಇಲ್ಲವೆಂದು ತಲೆಯಾಡಿಸಿ ವಾಪಸು ಹೊರಡುವಳು. ಅಕ್ಕಪಕ್ಕದ ಊರಿನ ಕೆಂಪು ಹೊಲಗಳಲ್ಲಿ ಹುರುಳಿ ಬಿತ್ತಿ ಮೊಳಕೆಯೂ ಕಂಡಿತ್ತು. ಮಣ್ಣು ಒಣಗಿಸುವ ಮೂಡಲ ಗಾಳಿ ಬೇರೆ ಎದ್ದಿತು. ಮಧ್ಯಾಹ್ನ ಗಾಳಿಯ ಸದ್ದು ಕೇಳಿದರೆ ಸಾಕು, ಊಟ ಬಿಟ್ಟು ಓಡಿಹೋಗಿ ನೆಲಕ್ಕೆ ಕಿವಿ ಕೊಡುವವನಂತೆ ಬಾಗಿ ನೋಡುತ್ತಿದ್ದ.

ಒಂದು ಸಂಜೆ ವೆಂಕಟೇಶಪ್ಪ ಶಿಫ್ಟು ಮುಗಿಸಿ ಸೈಕಲ್ಲಿನಲ್ಲಿ ಬಂದ. ಇನ್ನೂ ಬಿತ್ತಿಲ್ಲ ಅಂದರೆ ಇನ್ನು ಬೆಳೆ ಎಲ್ಲಿಂದ ಬಂತು, ಗೋಡೌನಿನ ವೆಂಕಟರಮಣಪ್ಪನವರು ಎಷ್ಟು ಅಂತ ಕಾಯುತ್ತಾರೆ ಎಂದು ಮೆಲ್ಲಗೆ ಕೇಳಿದ. ಬೈದಿದ್ದರೆ ಗೋಪಾಲಪ್ಪ ತಡೆದುಕೊಳ್ಳುತ್ತಿದ್ದ. ಆ ಮೆಲುದನಿ ಅವನನ್ನು ಸುಟ್ಟಿತು.

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ. ಮಾರನೆಯ ಬೆಳಿಗ್ಗೆ ನಾಗಲಕ್ಷ್ಮಮ್ಮ ಹಾಲು ಕರೆಯುತ್ತಿರುವಾಗಲೇ ಎತ್ತು, ಕೂರಿಗೆ, ಬೀಜದ ಚೀಲ ಸಮೇತ ಹೊಲಕ್ಕೆ ಬಂದುಬಿಟ್ಟ. ಮೇಲ್ಮಣ್ಣು ಆರಿದಂತೆ ಕಂಡಿತು. ಬೆರಳು ಇಳಿಸಿ ನೋಡಲೇ ಇಲ್ಲ. ನೋಡಿದರೆ ಎಲ್ಲಿ ಬೇಡ ಅನ್ನಿಸುತ್ತದೋ ಎಂಬ ಹೆದರಿಕೆ. ರಸ್ತೆಯ ಅಂಚಿನಲ್ಲಿ ಈ ಬದುವಿನಿಂದ ಆ ಬದುವಿನವರೆಗೆ ಬೀಜ ಬಿಡುತ್ತ ಒಂದು ಪಟ್ಟಿ ಎಳೆದ. ಕೂರಿಗೆಯ ಬೀಜ ಇಳಿಯುವ ತಾಳುಗಳಿಗೆ ಮಣ್ಣು ಮೆತ್ತಿತು, ಹಲ್ಲು ಎಳೆದ ಗೆರೆ ಬೆಣ್ಣೆಯಲ್ಲಿ ಚಾಕು ಎಳೆದಂತೆ ನುಣ್ಣಗೆ ನಿಂತಿತು, ಮುಚ್ಚಲೇ ಇಲ್ಲ. ಎತ್ತು ತಿರುಗಿಸಿದ. ಎದುರಿಗೆ ನಾಗಲಕ್ಷ್ಮಮ್ಮ. ಹಾಲಿನ ಚೊಂಬು ಕೈಯಲ್ಲೇ ಇತ್ತು. ಎತ್ತುಗಳ ಮೂಗಿಗೆ ಎದೆ ತಾಗುವಷ್ಟು ಹತ್ತಿರ ನಿಂತಳು.

“ನನ್ನ ದಾಟಿಸ್ಕೊಂಡು ಓಡಿಸಿ, ಆಯ್ತದಾ ನೋಡಾನ.”

ಅವನು ಕೂರಿಗೆಯ ಹಿಡಿ ಬಿಡಲಿಲ್ಲ. “ಒಲ ಓಯ್ತದೆ ಕಣೇ,” ಅಂದ.

“ಈಗ ಬಿತ್ತಿದ್ರೆ ಇವತ್ತೇ ಓಯ್ತದೆ. ಕಾದ್ರೆ ಉಳಿದ್ರೂ ಉಳೀತದೆ. ನಂಗೇನು ದಿಗಿಲಿಲ್ವಾ?”

ಅವಳ ಮುಖ ಬಿಳಿಚಿಕೊಂಡಿದ್ದನ್ನು ಆಗ ಕಂಡ. ಇಷ್ಟು ದಿನ ದಿಗಿಲು ತನಗೊಬ್ಬನಿಗೇ ಅಂದುಕೊಂಡಿದ್ದ, ಪುಣ್ಯಾತ್ಮ! ನೊಗ ಇಳಿಸಿದ.

ಆಮೇಲಿನ ದಿನಗಳನ್ನು ಅವನು ಹೇಗೆ ಕಳೆದನೋ ದೇವರಿಗೇ ಗೊತ್ತು. ಮೋಡ ಕಂಡರೆ ಮಳೆ ಬಂದು ಮತ್ತೆ ನೆನೆದೀತೆಂಬ ಭಯ, ಬಿಸಿಲು ಕಂಡರೆ ಕಲ್ಲಾದೀತೆಂಬ ಭಯ. ಹೊಲದ ಮೇಲೆ ಕೂದಲೆಳೆಯಂಥ ಗೆರೆಗಳು ಮೂಡತೊಡಗಿದಾಗ ತನ್ನ ಚರ್ಮವೇ ಸೀಳಿದಂತೆ ಸಂಕಟಪಟ್ಟ. ಅವಳೂ ಆ ಗೆರೆ ನೋಡಿದಳು. ಬಗ್ಗಿ ಉಂಡೆ ಕಟ್ಟಿದಳು. ಸೊಂಟದೆತ್ತರದಿಂದ ಕೈಬಿಟ್ಟಳು. ಉಂಡೆ ನೆಲಕ್ಕೆ ಬಿದ್ದು ನುಚ್ಚಕ್ಕಿ ಚೆಲ್ಲಿದಂತೆ ಉದುರಿತು. ಅಂಗಾಲೆತ್ತಿ ತೋರಿಸಿದಳು, ಮಣ್ಣು ಅಂಟಿರಲಿಲ್ಲ.

“ಈಗ ಓಡಿ, ಮೊದಲ ನೇಗಿಲೋರೇ” ಅಂದಳು.

ಓಡಿದ. ಹೊತ್ತು ನೆತ್ತಿಗೆ ಬರುವ ಮೊದಲೇ ಅರ್ಧ ಹೊಲ, ಸಂಜೆಯೊಳಗೆ ಎಲ್ಲ. ಅವನು ಕೂರಿಗೆ ಒತ್ತಿ ಹಿಡಿದು ಒಣ ಪುಡಿಯನ್ನು ದಾಟಿಸಿ ತಣ್ಣನೆಯ ತೇವಕ್ಕೆ ಹಲ್ಲು ಇಳಿಸಿದರೆ, ಅವಳು ಹಿಂದೆ ಬೀಜ ಬಿಡುತ್ತ ಬಂದಳು. ಪಕ್ಕದ ಮನೆಯ ಮುನಿಯಣ್ಣ ತನ್ನ ಎತ್ತು ತಂದು ಹಿಂದೆಯೇ ಕುಂಟೆ ಹೊಡೆದು ಸಾಲು ಮುಚ್ಚಿದ. ಐವತ್ತು ವರ್ಷ ಓಡಿದ್ದ ಗೋಪಾಲಪ್ಪನ ಕಾಲು ಆ ಒಂದು ದಿನಕ್ಕೇ ಸಾರ್ಥಕವಾದಂತಿತ್ತು.

ಕಡಲೆ ಹುಟ್ಟಿತು. ದಿಗಿಲು ಅಲ್ಲಿಗೆ ಮುಗಿಯಲಿಲ್ಲ. ಗಿಡ ಗೇಣುದ್ದ ಆಗುತ್ತಿದ್ದಂತೆ ಬೇರು ನೀರು ಕುಡಿದು, ಎರೆ ಸೊರಗಿ, ಸಾಲುಗಳ ನಡುವೆ ಬಿರುಕು ಬಾಯಿ ತೆರೆಯಿತು. ಬಿಟ್ಟರೆ ಬೇರು ಹರಿಯುತ್ತದೆ, ಆ ಬಾಯಿಂದಲೇ ತೇವವೂ ಹಾರಿಹೋಗುತ್ತದೆ. ಎಡೆಕುಂಟೆ ಹೊಡೆದು ಸಡಿಲ ಮಣ್ಣಿನಿಂದ ಬಾಯಿ ಮುಚ್ಚಿದರು. ಮತ್ತೆ ತೆರೆಯಿತು, ಮತ್ತೆ ಮುಚ್ಚಿದರು. ಒಂದು ಹನಿ ಮಳೆಯಿಲ್ಲದೆ, ಒಳಗೆ ಉಳಿಸಿಟ್ಟ ತೇವದಲ್ಲೇ ಗಿಡ ಹೂ ಬಿಟ್ಟಿತು, ಕಾಯಿ ಕಟ್ಟಿತು. ಬೆಳಗಿನ ಇಬ್ಬನಿಯಲ್ಲಿ ನಡೆದರೆ ಕಡಲೆ ಸೊಪ್ಪಿನ ರಸ ಹತ್ತಿ ಪಂಚೆಯ ಅಂಚು ಹುಳಿ ಹುಳಿ ವಾಸನೆ ಬರುತ್ತಿತ್ತು.

ಸಂಕ್ರಾಂತಿ ಹತ್ತಿರವಾದಾಗ ವೆಂಕಟೇಶಪ್ಪ ಆ ವೆಂಕಟರಮಣಪ್ಪನವರನ್ನೂ ಕರೆದುಕೊಂಡು ಬಂದ. ಇಬ್ಬರೂ ಬದುವಿನ ಮೇಲೆ ನಿಂತರು. ಗೋಡೌನಿನವರು ಒಂದು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡು, ನನಗೆ ಬೇರೆ ಜಾಗ ಹುಡುಕಬೇಕಾಯ್ತು ಎಂದು ನಕ್ಕು ರಸ್ತೆಗೆ ಹತ್ತಿದರು. ವೆಂಕಟೇಶಪ್ಪ ಅಲ್ಲೇ ನಿಂತಿದ್ದ. ಅವನ ಕಣ್ಣು ರಸ್ತೆಯ ಅಂಚಿಗೆ ಹೋಯಿತು. ಅಷ್ಟು ಹಸಿರಿನ ಪಕ್ಕದಲ್ಲಿ ಈ ಬದುವಿನಿಂದ ಆ ಬದುವಿನವರೆಗೆ ಒಂದೇ ಒಂದು ಬೋಳು ಪಟ್ಟಿ. ಬೀಜ ಬಿದ್ದ ಗೆರೆಗಳೇ ಬಿರುಕಾಗಿ ಸೀಳಿ, ಒಳಗೆ ಒಣಗಿದ ಮೊಳಕೆಗಳು ಕಾಣುತ್ತಿದ್ದವು. ಗೋಪಾಲಪ್ಪ ಅದರ ಮೇಲೆ ಕುಂಟೆ ಆಡಿಸಿರಲಿಲ್ಲ, ಬೇಕೆಂದೇ ಬಿಟ್ಟಿದ್ದ.

“ಅದ್ಯಾಕಣ್ಣ ಅಂಗಾಯ್ತು?” ಅಂದ ತಮ್ಮ.

ಗೋಪಾಲಪ್ಪ ಹೊಲದ ಕಡೆ ನೋಡಿದ. ಹೊಲದ ನಡುವೆ ನಾಗಲಕ್ಷ್ಮಮ್ಮ ಬಗ್ಗಿ ಕಾಯಿ ಬಲಿತಿದೆಯೇ ಎಂದು ಹಿಸುಕಿ ನೋಡುತ್ತಿದ್ದಳು.

“ಅದು ನಾನು ಬಿತ್ತಿದ್ದು ಕಣಪ್ಪ,” ಅಂದ. “ಮಿಕ್ಕಿದ್ದೆಲ್ಲ ನಿಮ್ಮತ್ತಿಗೆ ಬಿತ್ತಿದ್ದು.”