ಮುಟ್ಟು ನಿಂತೈತೇನು?

ಬೆಟಗೇರಿಯ ಅಂಬವ್ವನ ನಾಲಿಗೆ ಮೊದಲಿನಿಂದಲೂ ಚುರುಕು. ಮಗ್ಗದ ಮೇಲೆ ಕೈ ಅದಕ್ಕಿಂತ ಚುರುಕಾಗಿದ್ದರಿಂದ ನೇಕಾರರ ಓಣಿ ಸಹಿಸಿಕೊಂಡಿತ್ತು. ವಯಸ್ಸು ನಲವತ್ತೇಳಾಗುವ ಹೊತ್ತಿಗೆ ಕೈ ನಿಧಾನವಾಯಿತು, ನಾಲಿಗೆ ಆಗಲಿಲ್ಲ. ಒಂದು ದಿನ ಎಳೆ ಹರಿಯಿತೆಂದು ಅರ್ಧ ನೇಯ್ದ ಸೀರೆಯನ್ನೇ ಕತ್ತರಿಸಿ ಬಿಸಾಕಿ, ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲೇ ಕೂತು ಅತ್ತಳು. ಗಂಡ ಗೋಪಣ್ಣ ದೆವ್ವ ಬಿಡಿಸುವವರನ್ನು ಹುಡುಕಲಿಲ್ಲ, ಅಷ್ಟು ಪುಣ್ಯ. ಓಣಿಯ ಡಾಕ್ಟರು ಉಳವಪ್ಪನವರ ಬಳಿ ಕರೆದೊಯ್ದ.

ಉಳವಪ್ಪನವರು ಒಳ್ಳೆಯವರು, ಆದರೆ ಸದಾ ಗಡಿಬಿಡಿ.

"ಮುಟ್ಟು ನಿಂತೈತೇನವಾ?"

"ಇಲ್ರಿ."

"ಹಂಗಾರ ಮುಟ್ಟು ನಿಲ್ಲೂ ತ್ರಾಸಲ್ಲ ಬಿಡು. ಚಲೋ ನಿದ್ದಿ ಮಾಡು, ಎಲ್ಲಾ ಸರಿ ಹೋಗ್ತೈತಿ."

ನಿದ್ದೆಯ ಗುಳಿಗೆ ಬರೆದರು. ಮುಂದಿನ ತಿಂಗಳೂ ಬರೆದರು. ಅಂಬವ್ವ ಒಂದನ್ನೂ ನುಂಗದೆ ಎಲೆಅಡಿಕೆ ಡಬ್ಬಿಯಲ್ಲಿ ಕೂಡಿಟ್ಟಳು. ಯಾಕೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಹೆಂಗಸರ ಡಾಕ್ಟರು ವಿದ್ಯಾಶ್ರೀಯವರ ಬಳಿ ಅವಳು ಹೋದದ್ದು ಮೈ ಬಿಸಿಯಾಗಿ ಬೆವರುವುದಕ್ಕೆ. ಅವರು ಬೇರೆಯೇ ಕೇಳಿದರು.

"ಮುಟ್ಟು ಹೆಂಗ ಬರ್ತೈತ್ರಿ?"

"ಅದಕ್ಕೇನ ಲೆಕ್ಕ ಐತ್ರಿ ಬಾಯಾರ? ಒಮ್ಮೆ ಇಪ್ಪತ್ತು ದಿನಕ್ಕ, ಒಮ್ಮೆ ಎರಡು ತಿಂಗಳಾದ್ರೂ ಇಲ್ಲ."

ಹೆರಿಗೆಯಾದ ಮೇಲೆ ಮನಸ್ಸು ಹೀಗೇ ಕೆಟ್ಟಿತ್ತೇ ಎಂದೂ ಕೇಳಿದರು. ಕೆಟ್ಟಿತ್ತು, ಮಗಳು ಸುಶ್ಮಿತಾ ಹುಟ್ಟಿದಾಗ ಮೂರು ತಿಂಗಳು. ಓಣಿ ಆಗ ಅದನ್ನು ಮೈಗಳ್ಳತನ ಅಂದಿತ್ತು. ಆಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟರು.

"ಸಾಯಬೇಕು ಅನಸ್ತೈತೇನ್ರಿ?"

ಅಂಬವ್ವನಿಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ಡಬ್ಬಿಯ ವಿಷಯ ಹೇಳಿದಳು.

ಅಂದೇ ಗೋಪಣ್ಣ ಡಬ್ಬಿ ತಂದು ಗುಳಿಗೆಗಳನ್ನು ಒಪ್ಪಿಸಿದ, ಅಂದೇ ಮನೋವೈದ್ಯರೂ ನೋಡಿದರು. ಸದ್ಯಕ್ಕೆ ಒಬ್ಬಳನ್ನೇ ಬಿಡಬೇಡಿ ಎಂದರು. ರಕ್ತ, ಥೈರಾಯ್ಡ್, ಬಿಪಿ ಸರಿಯಿದ್ದವು.

"ಹಾರ್ಮೋನ್ ಟೆಸ್ಟ್ ಬ್ಯಾಡ್ರಿ, ಇವತ್ತೊಂದು ತೋರಸ್ತೈತಿ, ನಾಳಿಗೊಂದು," ಎಂದರು ವಿದ್ಯಾಶ್ರೀ. "ಮುಟ್ಟು ನಿಲ್ಲೂ ಮುಂಚಿನ ವರ್ಷಗಳಾಗ ಮನಸ್ಸು ಹಿಂಗ ಬೀಳ್ತೈತಿ. ಮೊದಲೊಮ್ಮೆ ಬಿದ್ದವರಿಗೆ ಇನ್ನೂ ಜಾಸ್ತಿ. ನಿಮಗೇನು ಹುಚ್ಚು ಹಿಡದಿಲ್ಲ."

ಖಿನ್ನತೆಗೆ ದಿನಕ್ಕೊಂದು ಗುಳಿಗೆ, ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಸ್ತನದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ತೊಂದರೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬೆವರಿಗೆ ಹಾರ್ಮೋನು ಕೊಟ್ಟರು. ಮೊದಲ ಎರಡು ವಾರ ಏನೂ ಬದಲಾಗಲಿಲ್ಲ. ಐದನೆಯ ವಾರ ಎಳೆ ಹರಿಯಿತು. ಅಂಬವ್ವ ಅದಕ್ಕೆ ಬಾಯಿತುಂಬ ಬೈದು, ಗಂಟು ಹಾಕಿ, ಮುಂದೆ ನೇಯ್ದಳು.

ಜ್ವರಕ್ಕೆಂದು ಉಳವಪ್ಪನವರ ಬಳಿ ಹೋದಾಗ ಖಾಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ನೀವು ಕೊಟ್ಟ ಗುಳಿಗಿ ಒಂದೂ ನುಂಗಿದ್ದಿಲ್ರಿ. ಒಮ್ಮೆಲೆ ನುಂಗಾಕ ಇದರಾಗ ಕೂಡಿಸಿಟ್ಟಿದ್ದೆ."

ಡಾಕ್ಟರು ಡಬ್ಬಿಯ ಮುಚ್ಚಳ ತೆರೆದು ನೋಡಿದರು. ಅವಳು ಬಾಗಿಲು ದಾಟುವಾಗ ಓಣಿಯ ಸಿದ್ದಲಿಂಗವ್ವ ಒಳಬಂದಳು, ನಿದ್ದೆಯಿಲ್ಲ ಎನ್ನುತ್ತ.

"ಮುಟ್ಟು ನಿಂ..." ಎಂದ ಡಾಕ್ಟರು ತಡೆದುಕೊಂಡರು. "ಕುಂಡ್ರವಾ. ಮುಟ್ಟು ಹೆಂಗ ಬರ್ತೈತಿ, ಹೇಳು."