ಕೊಕ್ಕೆಯ ಹಿಂದಿನ ಬಂದರು

ಕಚೇರಿಯಲ್ಲಿ ನಮ್ಮಕ್ಕನಿಗೆ ಭೂತಗನ್ನಡಿ ಎಂದು ಹೆಸರು. ಎದುರಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ, ಎಲ್ಲ ಬೆನ್ನ ಹಿಂದೆ. ಹಡಗಿನ ಸರಕಿಗೆ ವಿಮೆ ಕೊಡುವ ಕಚೇರಿ ನಮ್ಮದು. ಸಕ್ಕರೆ ನೆನೆಯಿತು, ಕಾಗದದ ಸುರುಳಿ ಹರಿಯಿತು ಎಂದು ಪರಿಹಾರ ಕೇಳಿಕೊಂಡು ಬರುವ ಅರ್ಜಿಯ ಜೊತೆ ಫೋಟೋ ಇರುತ್ತದೆ. ಆ ಫೋಟೋ ಅವರು ಹೇಳಿದ ಬಂದರಿನದೇ ಹೌದೋ ಅಲ್ಲವೋ ನೋಡುವುದು ಅಕ್ಕನ ಕೆಲಸ. ನಾನು ಅದೇ ಕಚೇರಿಯ ಟೈಪಿಸ್ಟು, ಎರಡು ಮೇಜು ಆಚೆ ಕೂರುತ್ತೇನೆ. ಎಲ್ಲರೂ ನೆನೆದ ಮೂಟೆ ನೋಡಿದರೆ ಇವಳು ಮೂಟೆಯ ಹಿಂದೆ ಏನಿದೆ ಎಂದು ನೋಡುತ್ತಾಳೆ.

“ಮೂಟೆ ಎಲ್ಲಾ ಊರಲ್ಲೂ ಒಂದೇ ಥರ ಕಣೇ. ಕ್ರೇನು ಹಾಗಲ್ಲ,” ಎನ್ನುತ್ತಾಳೆ.

ಈ ವಿದ್ಯೆಯನ್ನು ಅವಳು ಸಂಬಳಕ್ಕಾಗಿ ಕಲಿಯಲಿಲ್ಲ. ಒಬ್ಬ ಮನುಷ್ಯನ ಮೇಲೆ ಹಲ್ಲು ಮಸೆಯುತ್ತ ಕಲಿತಳು. ಸೇಡು ಗೀಡು ಅಂತೆಲ್ಲ ಬರೆಯಬೇಡ ಎಂದು ನನಗೆ ಬುದ್ಧಿ ಹೇಳಿದವರಿದ್ದಾರೆ. ಅವರ ಮನೆಯ ಬಾಗಿಲಿಗೆ ಹನ್ನೊಂದು ವರ್ಷ ಯಾರೂ ಉಗುಳಿರಲಿಲ್ಲ, ಅದಕ್ಕೇ ಹಾಗೆ ಹೇಳುತ್ತಾರೆ.

ಅಕ್ಕನ ಗಂಡ, ನಮ್ಮ ಭಾವ, ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ಆಗ ನಮ್ಮ ದಡದ ಮೇಲಿದ್ದದ್ದು ಹಳಿಯ ಮೇಲೆ ಓಡುವ, ಒಂಟಿ ತೋಳಿನ ಹಳೇ ಕ್ರೇನುಗಳು. ಐದು ಟನ್ನಿನ ಮೇಲೆ ಎತ್ತಿದರೆ ನರಳುವಂಥವು. ಭಾರದ ಸರಕು ತರುವ ಹಡಗು ತನ್ನ ಕ್ರೇನನ್ನು ತನ್ನ ಬೆನ್ನ ಮೇಲೇ ಹೊತ್ತು ಬರಬೇಕಿತ್ತು. ಹತ್ತಿ ನಡೆಸುವವರು ಮಾತ್ರ ನಮ್ಮವರು. ಅವತ್ತು ಅಂಥದೊಂದು ಹಡಗಿನಿಂದ ಭಾವ ಉಕ್ಕಿನ ಸುರುಳಿ ಇಳಿಸುತ್ತಿದ್ದ, ಒಂದೊಂದು ಹನ್ನೆರಡು ಟನ್ನು. ಕೆಳಗೆ ಕೈಸನ್ನೆ ಮಾಡುತ್ತಿದ್ದವನು ಅವನ ಜೊತೆಗಾರ. ಸೀಟಿ ಹೊಡೆದೇ ಮಾತಾಡುವವನಾದ್ದರಿಂದ ಅವನಿಗೆ ಸೀಟಿ ಎಂದೇ ಹೆಸರು. ಒಂಬತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು ಇಬ್ಬರೂ. ಐದನೇ ಸುರುಳಿ ಅರ್ಧ ಮೇಲಿದ್ದಾಗ ಕ್ರೇನಿನ ಉಕ್ಕಿನ ಹಗ್ಗ ತುಂಡಾಯಿತು. ಸೀಟಿ ಸುರುಳಿಯಡಿ ಸಿಕ್ಕಿ ಅಲ್ಲೇ ಹೋದ.

ವಿಚಾರಣೆ ನಡೆಯಿತು. ಎರಡು ದಿನ ಮೊದಲಷ್ಟೇ ಹಡಗು ಹತ್ತಿ ಹಗ್ಗ ಪರೀಕ್ಷಿಸಿದ್ದೆ, ಒಂದೆಳೆಯೂ ಹರಿದಿರಲಿಲ್ಲ ಎಂದು ವಿಮೆಯ ಸರ್ವೇಯರು ವರದಿ ಕೊಟ್ಟ. ವರದಿಗೊಂದು ಫೋಟೋ: ಕ್ರೇನಿನ ಕೊಕ್ಕೆ, ಪಕ್ಕದಲ್ಲಿ ಹಗ್ಗದ ದಪ್ಪ ಅಳೆಯುತ್ತ ನಿಂತ ಸರ್ವೇಯರು. ಕೆಳಗೆ ‘ಆರನೇ ಬರ್ತ್’ ಎಂದು ಹಡಗು ನಿಂತ ಕಟ್ಟೆಯ ಬರಹ, ತಾರೀಖು, ಸಹಿ. ಹಗ್ಗ ಚೆನ್ನಾಗಿದ್ದರೆ ತುಂಡಾದದ್ದು ಹೇಗೆ? ನಡೆಸಿದವನು ಜಗ್ಗಿ ಎಳೆದಿರಬೇಕು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಲ್ಲವನ್ನೂ ಭಾವನ ತಲೆಗೆ ಕಟ್ಟಿದರು. ಅವನ ಪರವಾನಗಿ ಹೋಯಿತು.

“ಆ ತಾರೀಖು ನಾನು ಅಲ್ಲೇ ಇದ್ದೆ, ಯಾವನೂ ಕ್ರೇನ್ ಹತ್ರ ಸುಳೀಲಿಲ್ಲ ಸ್ವಾಮಿ,” ಎಂದು ಭಾವ ಬಡಕೊಂಡ. ಯಾರು ಕೇಳುತ್ತಾರೆ?

ಸೀಟಿಯ ಅಮ್ಮನ ಮನೆ ನಮ್ಮ ಬೀದಿಯಲ್ಲೇ, ನಾಲ್ಕು ಮನೆ ಆಚೆ. ವಿಚಾರಣೆ ಮುಗಿದ ಮಾರನೇ ಬೆಳಿಗ್ಗೆ ಅವಳು ಬಂದು ನಮ್ಮ ಹೊಸ್ತಿಲಿಗೆ ಉಗುಳಿ ಹೋದಳು. ಮರುದಿನ ಮತ್ತೆ ಬಂದಳು. ಹಾಲಿನವನು ತಪ್ಪಿಸಿಕೊಂಡ ದಿನಗಳಿವೆ, ಅವಳು ತಪ್ಪಿಸಿಕೊಂಡ ದಿನವಿಲ್ಲ. ಭಾವ ನೀರು ತಂದು ಹೊಸ್ತಿಲು ತೊಳೆಯುತ್ತಿದ್ದ. ನಾನೊಮ್ಮೆ ಸಿಟ್ಟು ತಡೆಯಲಾರದೆ ಜಗಳಕ್ಕೆ ಹೊರಟೆ. ಅಕ್ಕ ನನ್ನ ರಟ್ಟೆ ಹಿಡಿದಳು.

“ಅವಳ ತಪ್ಪೇನಿದೆ? ಅವಳಿಗೆ ನಮ್ಮ ಬಾಗಿಲು ತೋರಿಸಿದವನು ಬೇರೆ ಇದಾನೆ. ಅವನನ್ನ ನಾನು ಬಿಡಲ್ಲ.”

ವಿಚಾರಣೆಯಲ್ಲಿ ಅಕ್ಕ ಕಂಡದ್ದು ಆ ಫೋಟೋದ ನೆರಳಚ್ಚು ಮಾತ್ರ. ಕೊಕ್ಕೆಯ ಹಿಂದೆ ಮಸಿ ಬಳಿದಂತೆ ಮೂರು ಓರೆಗೆರೆ. ನಮ್ಮ ದಡದ ಕ್ರೇನುಗಳ ತೋಳು ಎಂದರು ಅಧಿಕಾರಿಗಳು. ಭಾವ ಮಾತ್ರ ಮನೆಗೆ ಬಂದು, “ನಮ್ಮ ಮೂರೂ ಹೀಗೆ ಒಂದೇ ಸಮ ನಿಂತಿದ್ದನ್ನ ನಾನು ನೋಡೇ ಇಲ್ವಲ್ಲೇ,” ಎಂದಿದ್ದ. ಆ ಒಂದು ಮಾತನ್ನು ಅಕ್ಕ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಮೂಲ ಫೋಟೋ ವಿಮೆ ಕಚೇರಿಯ ಫೈಲಿನಲ್ಲಿತ್ತು. ಭಾವ ಕೇಳಿದರೆ ಕೊಡಲಿಲ್ಲ. ಅಕ್ಕ ತಾನು ಯಾರ ಹೆಂಡತಿ ಎಂದು ಹೇಳದೆ ಅದೇ ಕಚೇರಿಗೆ ಕೆಲಸಕ್ಕೆ ಸೇರಿದಳು. ಮುಚ್ಚಿದ ಫೈಲು ಉಗ್ರಾಣದಲ್ಲಿ ಬೀಗದೊಳಗೆ ಹತ್ತು ವರ್ಷ ಇರುತ್ತದೆ. ಆಮೇಲೆ ಯಂತ್ರಕ್ಕೆ ಹಾಕಿ ಚೂರು ಮಾಡುತ್ತಾರೆ. ಯಂತ್ರದ ಹಲ್ಲಿಗೆ ಫೋಟೋದ ದಪ್ಪ ಕಾಗದ ಸಿಕ್ಕಿಕೊಳ್ಳುತ್ತದಾದ್ದರಿಂದ ಮೊದಲು ಫೋಟೋಗಳನ್ನು ಕೈಯಿಂದ ಕಿತ್ತು ಬೇರೆ ಮಾಡಬೇಕು. ಯಾರಿಗೂ ಬೇಡದ, ಧೂಳು ತಿನ್ನುವ ಕೆಲಸ. ಪ್ರತಿವರ್ಷ ಅಕ್ಕ ತಾನಾಗಿ ಕೇಳಿ ಮಾಡುತ್ತಿದ್ದಳು. ಎಂಥ ಶ್ರದ್ಧೆ ಎಂದು ಮ್ಯಾನೇಜರು ಹೊಗಳುತ್ತಿದ್ದರು. ಅಯ್ಯೋ ಪುಣ್ಯಾತ್ಮ, ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಕಳೆದ ವರ್ಷ ಆ ಫೈಲಿನ ಸರದಿ ಬಂತು. ಅಕ್ಕ ಫೋಟೋ ಹಿಡಿದು ನನ್ನ ಮೇಜಿಗೆ ಬಂದಳು.

“ನೋಡು. ಇದು ನಮ್ಮೂರೇನೇ?”

ಬಣ್ಣದ ಫೋಟೋದಲ್ಲಿ ಎಲ್ಲ ಕನ್ನಡಿಯಷ್ಟು ಸ್ಪಷ್ಟ. ಓರೆಗೆರೆ ಎಂದುಕೊಂಡದ್ದು ಕಂಟೇನರ್ ಎತ್ತುವ ದೊಡ್ಡ ಕ್ರೇನುಗಳು. ಅವು ಮೇಜಿನಂತೆ ಕಾಲೂರಿ ದಡದಲ್ಲಿ ನಿಲ್ಲುತ್ತವೆ, ಹಡಗಿನ ಮೇಲೆ ಚಾಚುವ ತೋಳನ್ನು ಕೆಲಸವಿಲ್ಲದಾಗ ಮೇಲಕ್ಕೆ ಮಡಚಿಡುತ್ತಾರೆ. ಮೂರೂ ಒಂದೇ ಸಮ ನಿಂತಿದ್ದು ಅದಕ್ಕೇ. ಅಂಥ ಕ್ರೇನು ನಮ್ಮ ಬಂದರಿಗೆ ಬಂದದ್ದು ಸೀಟಿ ಸತ್ತ ಮೂರು ವರ್ಷದ ನಂತರ. ಎದುರು ದಡದಲ್ಲಿ ಕಿಟಕಿಯಿಲ್ಲದ ಗೋದಾಮು ತೇಲಿದಂತೆ ಕಾರು ಸಾಗಿಸುವ ಹಡಗು. ನಮ್ಮ ಬಂದರಿಗೆ ಅಂಥದು ಇವತ್ತಿಗೂ ಬಂದಿಲ್ಲ. ಅಕ್ಕ ಬೆರಳಿಟ್ಟದ್ದು ಇನ್ನೂ ಕೆಳಗೆ, ದಡದ ಗೋಡೆಯ ಮೇಲೆ.

“ನಮ್ಮಲ್ಲಿ ನೀರು ದಿನಕ್ಕೆ ಎರಡು ಸಲ ನಾಲ್ಕು ಮೀಟರ್ ಏರಿ ಇಳಿಯತ್ತೆ. ಗೋಡೆ ತುಂಬಾ ಪಾಚಿ, ಚಿಪ್ಪು. ಇಲ್ಲಿ ನೋಡು, ನೀರಿನ ಅಂಚಿನವರೆಗೂ ಗೋಡೆ ತೊಳೆದಿಟ್ಟ ಹಾಗಿದೆ. ಇದು ಬಾಗಿಲು ಹಾಕಿ ನೀರು ಹಿಡಿದಿಟ್ಟಿರೋ ಬಂದರು.”

ಸುಳ್ಳು ಸಿಕ್ಕಿತು ಎಂದು ನಾನು ಕುಣಿದೆ. ಅಕ್ಕ ಕುಣಿಯಲಿಲ್ಲ. ನಮ್ಮೂರಲ್ಲ ಎಂದರೆ ಸಾಲದು, ಯಾವೂರು ಎಂದು ಹೇಳದಿದ್ದರೆ ಅವನು ಜಾರಿಕೊಳ್ಳುತ್ತಾನೆ ಎಂದಳು. ಬಂದರುಗಳ ನಕ್ಷೆ, ಮೇಲಿನಿಂದ ತೆಗೆದ ಚಿತ್ರ, ಎಲ್ಲ ಹರಡಿಕೊಂಡು ಕೂತಳು. ಕಾರು ಹಡಗು ಹಿಂಬದಿಯ ಬಲಮೂಲೆಯಿಂದ ಸೇತುವೆ ಇಳಿಸುತ್ತದೆ, ಹಾಗಾಗಿ ಬಲಮಗ್ಗುಲನ್ನೇ ದಡಕ್ಕೆ ಕೊಟ್ಟು ನಿಲ್ಲುತ್ತದೆ. ಎದುರಿನಿಂದ ನೋಡುವವರಿಗೆ ಮೂತಿ ಎಡಕ್ಕಿರುತ್ತದೆ. ಫೋಟೋದಲ್ಲೂ ಹಾಗೇ ಇತ್ತು. ಅದರ ಮೂತಿಯಾಚೆ, ಎಡಕ್ಕೆ, ಕಂಟೇನರ್ ಕ್ರೇನು. ಬಾಲದಾಚೆ, ಬಲಕ್ಕೆ, ಧಾನ್ಯ ತುಂಬುವ ಏಳು ದುಂಡು ಗೋಪುರ. ಬಾಗಿಲಿರುವ ಹನ್ನೊಂದು ಬಂದರು ಜಾಲಾಡಿದಳು. ನಾಲ್ಕರಲ್ಲಿ ಕಾರು ಹಡಗಿನ ಜಾಗವಿತ್ತು. ಈ ಮೂರೂ ಈ ಕ್ರಮದಲ್ಲಿ ಕೂತದ್ದು ಒಂದರಲ್ಲಿ ಮಾತ್ರ.

ಹಡಗಿನ ಹಿಂಬದಿಯಲ್ಲಿ ಹೆಸರಿನ ಕೊನೆಯ ಮೂರಕ್ಷರ ಓದಲು ಬರುತ್ತಿತ್ತು. ಆ ಬಂದರಿನ ಕಚೇರಿಗೆ ಬರೆದು, ಆ ವರ್ಷ ಕಾರಿನ ಹಡಗುಗಳು ಬಂದುಹೋದ ದಾಖಲೆ ತರಿಸಿದಳು. ಆ ಮೂರಕ್ಷರದಲ್ಲಿ ಮುಗಿಯುವ ಹಡಗು ಅಲ್ಲಿಗೆ ಬಂದದ್ದು ಒಂದೇ ಸಲ, ಎರಡು ದಿನ. ಸೀಟಿ ಸಾಯುವ ನಾಲ್ಕು ತಿಂಗಳ ಮೊದಲು. ಅದೇ ಎರಡು ದಿನ ನಮ್ಮ ಸರ್ವೇಯರು ಅಲ್ಲಿ ಬೇರೊಂದು ಹಡಗಿನ ಪರೀಕ್ಷೆಗೆ ಹೋಗಿದ್ದ. ಆ ಫೈಲು ತಡವಾಗಿ ಮುಚ್ಚಿದ್ದರಿಂದ ಅದರ ವರದಿಯೂ ನಮ್ಮ ಉಗ್ರಾಣದಲ್ಲೇ ಇತ್ತು.

ಹಗ್ಗ ನೋಡದೆ ಹಳೇ ಫೋಟೋ ಅಂಟಿಸಿದ್ದ, ಅಷ್ಟೇ. ಹಗ್ಗ ಎಲ್ಲಾ ಹಡಗಲ್ಲೂ ಒಂದೇ ಥರ ಅಲ್ಲವೇ?

ಸರ್ವೇಯರು ಈಗ ದೊಡ್ಡ ಮನುಷ್ಯ. ಕಚೇರಿಯ ಸರ್ವೇಯರುಗಳ ಮುಖ್ಯಸ್ಥನಾಗಿ ಅವನನ್ನು ಆರಿಸುವ ಸಭೆ ಗೊತ್ತಾಗಿತ್ತು. ಅಭ್ಯರ್ಥಿಯ ಹಳೆಯ ವರದಿ ಒಂದೆರಡನ್ನು ಮೇಜಿನ ಮೇಲಿಟ್ಟು ಪ್ರಶ್ನೆ ಕೇಳುವುದು ನಮ್ಮಲ್ಲಿಯ ಪದ್ಧತಿ. ವರದಿ ಆರಿಸಿ ಕೊಡುವವಳು ಅಕ್ಕ. ಸಭೆಯ ನಡಾವಳಿ ಬರೆಯುವವಳು ನಾನು.

“ಅವನು ಹೇಳಿದ್ದನ್ನ ಅಕ್ಷರ ಬಿಡದೆ ಬರ್ಕೋ,” ಎಂದಳು ಒಳಗೆ ಹೋಗುವ ಮುಂಚೆ.

ಅಕ್ಕ ಫೋಟೋ ಮುಂದಿಟ್ಟು, ಮೊದಲನೇ ದಿನದ ಗುಮಾಸ್ತೆಯಷ್ಟು ವಿನಯದಿಂದ ಕೇಳಿದಳು. “ಸರ್, ಇದು ಯಾವ ಬರ್ತು?”

“ಕೆಳಗೇ ಬರ್ದಿದೆಯಲ್ಲಮ್ಮ. ನಮ್ಮ ಆರನೇದು.”

“ತಾವೇ ಖುದ್ದು ಹತ್ತಿದ್ರಾ?”

“ಹತ್ತದೆ ಫೋಟೋದಲ್ಲಿ ಹೇಗೆ ಬರ್ತೀನಿ?” ಎಲ್ಲರೂ ನಕ್ಕರು. ನಾನು ನಗುವನ್ನೂ ಬರೆದುಕೊಂಡೆ.

“ಹಿಂದೆ ಕಾಣೋ ಕ್ರೇನು?”

“ನಮ್ಮವೇ. ಇನ್ಯಾರವು?”

ಅಕ್ಕ ಒಂದೊಂದೇ ಕಾಗದ ಇಡುತ್ತ ಹೋದಳು. ಕ್ರೇನು ಖರೀದಿಯ ತಾರೀಖು. ನಮ್ಮ ಆರನೇ ಬರ್ತಿನ ಪಾಚಿ ಹಿಡಿದ ಗೋಡೆ. ಆ ಬಂದರಿನ ನಕ್ಷೆ. ಕಾರು ಹಡಗಿನ ದಾಖಲೆ. ಕೊನೆಗೆ ಅವನದೇ ಇನ್ನೊಂದು ವರದಿ. ಅವನು ಅದರ ತಾರೀಖನ್ನು ಎರಡು ಸಲ ಓದಿದ. ನಾನು ಸುಳ್ಳು ಹೇಳುವುದಿಲ್ಲ, ನನ್ನ ಹೊಟ್ಟೆ ತಣ್ಣಗಾಯಿತು.

“ಫೋಟೋ ಅದಲು ಬದಲಾಗಿರಬಹುದು...” ಎಂದ.

“ಹಿಂದಿನ ಕ್ರೇನು ‘ನಮ್ಮವೇ’ ಅಂದ್ರಲ್ಲ ಸರ್. ಬರ್ಕೊಂಡಾಗಿದೆ.”

ಮ್ಯಾನೇಜರು ಬೆವರು ಒರೆಸಿಕೊಂಡರು. “ಹೋಗ್ಲಿ ಬಿಡಮ್ಮ, ಇವರನ್ನ ಪಟ್ಟಿಯಿಂದ ತೆಗೀತೀವಿ. ಹೊರಗೆ ಸುದ್ದಿ ಬೇಡ.”

“ವಿಚಾರಣೆ ಕಚೇರಿಗೆ ಬೆಳಿಗ್ಗೇನೇ ಪ್ರತಿ ಕಳ್ಸಿದೀನಿ ಸರ್. ಈ ನಡಾವಳಿನೂ ಹೋಗತ್ತೆ.” ಆಮೇಲೆ ಸರ್ವೇಯರಿನ ಕಡೆ ತಿರುಗಿದಳು. ಧ್ವನಿಯಲ್ಲಿ ಸರ್ ಇರಲಿಲ್ಲ. “ನೀನೀಗ ನನ್ನ ಜೊತೆ ಒಂದು ಮನೆಗೆ ಬರ್ಬೇಕು. ಬರಲ್ಲ ಅಂದ್ರೆ ಆಯಮ್ಮನ್ನೇ ನಿನ್ನ ಮನೆಗೆ ಕರ್ಕೊಂಡು ಬರ್ತೀನಿ. ನಿನ್ನ ಹೆಂಡತಿ ಮಕ್ಕಳ ಎದುರಿಗೆ ಹೇಳುವಂತೆ.”

ಬಂದ. ಬರದೆ ಏನು ಮಾಡುತ್ತಾನೆ?

ಸೀಟಿಯ ಅಮ್ಮ ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದಳು. ಅಕ್ಕನನ್ನು ಕಂಡು ಮುಖ ತಿರುಗಿಸಿದಳು. ಸರ್ವೇಯರು ತಲೆ ತಗ್ಗಿಸಿ ನಿಂತು ಹೇಳಿದ. ಹಗ್ಗ ನಾನು ನೋಡಿರಲೇ ಇಲ್ಲ, ಬೇರೆ ಊರಿನ ಫೋಟೋ ಅಂಟಿಸಿದ್ದೆ, ಕ್ರೇನಿನವನದು ತಪ್ಪಿರಲಿಲ್ಲ. ಅವಳು ಮೊರ ಪಕ್ಕಕ್ಕಿಟ್ಟಳು. ಇನ್ನೊಂದು ಸಲ ಹೇಳು ಎಂದಳು. ಅವನು ಮತ್ತೆ ಹೇಳಿದ.

ಅವಳು ಎದ್ದು ನಾಲ್ಕು ಮನೆ ದಾಟಿ ಬಂದು, ನಮ್ಮ ಹೊಸ್ತಿಲ ಮುಂದೆ ಕೂತು, ಸೆರಗಿನಿಂದ ಅದನ್ನು ಒರೆಸತೊಡಗಿದಳು. ಒಳಗಿಂದ ಬಂದ ಭಾವ ಗಾಬರಿಯಾಗಿ ಅವಳ ಕೈ ಹಿಡಿದ.

“ಬಿಡಮ್ಮ, ಬೆಳಿಗ್ಗೆ ತೊಳೆದಿದೀನಿ.”

“ಹನ್ನೊಂದು ವರ್ಷ ತಪ್ಪು ಬಾಗಿಲಿಗೆ ಬಂದ್ನಲ್ಲಪ್ಪಾ,” ಎಂದು ಅವಳು ಅವನ ಎದೆಗೆ ಹಣೆಯಿಟ್ಟು ಅತ್ತಳು. ಭಾವನೂ ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸರ್ವೇಯರು ಮೆಲ್ಲಗೆ ಬೀದಿಯ ತುದಿಗೆ ಜಾರುತ್ತಿದ್ದ. ಅವಳು ಕಣ್ಣೊರೆಸಿಕೊಂಡು, ಅವನ ಬೆನ್ನನ್ನೇ ನೋಡುತ್ತ ಅಕ್ಕನನ್ನು ಕೇಳಿದಳು:

“ಅವನ ಮನೆ ಕಡೆಗೆ ಬೆಳಿಗ್ಗೆ ಮೊದಲನೇ ಬಸ್ಸು ಎಷ್ಟು ಗಂಟೆಗೆ ಮಗಳೇ?”

ಅಕ್ಕ ಹೇಳಿದಳು. ಎಲ್ಲಿ ಇಳಿಯಬೇಕು ಎನ್ನುವುದನ್ನೂ ಹೇಳಿದಳು.